ಮೋರ್ಸ್ ಸಾಲ್ಟ್ ಟೈಟ್ರೇಷನ್: 0.02 ಬರಬೇಕಾದಲ್ಲಿ 0.0215 ಬಂದಿದೆ. ರಿಪೋರ್ಟಿನಲ್ಲಿ ‘ದೋಷಕ್ಕೆ ಕಾರಣ’ ಏನಂತ ಬರೆಯಲಿ?

ಮಡಿಕೇರಿ_ಸೆಕೆಂಡ್_ಪಿಯು

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೋರ್ಸ್ ಸಾಲ್ಟ್ ದ್ರಾವಣ ಬಳಸಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಮೊಲಾರಿಟಿ ಕಂಡುಹಿಡಿಯುವ ಪ್ರಯೋಗ ಮಾಡಿದೆವು. ರಿಪೋರ್ಟ್ ಬರೆಯುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

9.8 ಗ್ರಾಂ ಮೋರ್ಸ್ ಸಾಲ್ಟ್ ತೂಗಿ 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಕರಗಿಸಿದೆವು. ಅಂದರೆ 0.1 M. ಪಿಪೆಟ್‌ನಿಂದ 10 ಮಿ.ಲೀ. ತೆಗೆದು ಕೋನಿಕಲ್ ಫ್ಲಾಸ್ಕಿಗೆ ಹಾಕಿ, ಒಂದು ಟೆಸ್ಟ್ ಟ್ಯೂಬ್ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಸೇರಿಸಿ, ಬ್ಯೂರೆಟ್ಟಿನಿಂದ ಪರ್ಮಾಂಗನೇಟ್ ಬಿಟ್ಟೆವು. ತಿಳಿ ಗುಲಾಬಿ ಬಣ್ಣ ನಿಂತಾಗ ನಿಲ್ಲಿಸಿದೆವು.

| ಬ್ಯೂರೆಟ್ ರೀಡಿಂಗ್ (ಮಿ.ಲೀ.) | 1 | 2 | 3 |
|---|---|---|---|
| ಕೊನೆಯದು | 9.4 | 18.7 | 28.0 |
| ಮೊದಲಿನದು | 0.0 | 9.4 | 18.7 |
| ಬಳಸಿದ್ದು | 9.4 | 9.3 | 9.3 |

ಹೊಂದುವ ಬೆಲೆ 9.3. ಒಂದು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಫೆರಸ್ ಬೇಕು, ಹಾಗಾಗಿ ಲೆಕ್ಕ ಹೀಗೆ:

```
M(KMnO4) = (10.0 × 0.1) / (5 × 9.3) = 0.0215
```

ಬಾಟಲಿ ಮೇಲೆ 0.02 M ಅಂತ ಚೀಟಿ ಇದೆ. ವ್ಯತ್ಯಾಸ 7.5 ಪರ್ಸೆಂಟ್. ದೋಷಕ್ಕೆ ಕಾರಣಗಳು ಅಂತ ನಾನು ಬರೆದದ್ದು: ರೀಡಿಂಗ್ ನೋಡುವಾಗ ಕಣ್ಣು ಸರಿಯಾದ ಮಟ್ಟದಲ್ಲಿ ಇಲ್ಲದಿರುವುದು, ಎಂಡ್ ಪಾಯಿಂಟ್ ದಾಟಿ ಒಂದೆರಡು ಹನಿ ಜಾಸ್ತಿ ಬಿದ್ದಿರುವುದು, ಬ್ಯೂರೆಟ್ ಸರಿಯಾಗಿ ತೊಳೆಯದಿರುವುದು, ಮಾನವ ದೋಷ. ಮೇಡಂ ಅದನ್ನು ಓದಿ, “ಇದರಲ್ಲಿ ಯಾವುದು ನಿನ್ನ 9.3ಕ್ಕೆ ಕಾರಣ ಅಂತ ಹೇಳು” ಅಂದರು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಗೋಣಿಕೊಪ್ಪ_ಬಿಎಸ್ಸಿ

ನಿನ್ನ ರೀಡಿಂಗ್ ಚೆನ್ನಾಗಿದೆ ಅಲ್ವಾ? 9.4, 9.3, 9.3. ಇಷ್ಟು ಹೊಂದಿಕೆ ಬಂದರೆ ನಿನ್ನ ಕಡೆ ತಪ್ಪೇ ಇಲ್ಲ ಅಂತ ಅರ್ಥ. ಚೀಟಿಯೇ ತಪ್ಪಿರಬೇಕು.

ಇನ್ನೊಂದು, ಟೈಟ್ರೇಷನ್‌ಗೆ ಮೊದಲು ಫ್ಲಾಸ್ಕನ್ನು 60 ಡಿಗ್ರಿಗೆ ಬಿಸಿ ಮಾಡಿದ್ರಾ? ಅದನ್ನು ಬರೆದಿಲ್ಲ. ಬಿಸಿ ಮಾಡದಿದ್ದರೆ ರಿಯಾಕ್ಷನ್ ನಿಧಾನ, ಬಣ್ಣ ಬೇಗ ನಿಂತುಬಿಡುತ್ತೆ. ಆಗ ರೀಡಿಂಗ್ ಕಮ್ಮಿ ಬರುತ್ತೆ. ಮಡಿಕೇರಿ ಚಳಿಯಲ್ಲಂತೂ ಕೇಳೋದೇ ಬೇಡ.

ಬ್ಯೂರೆಟ್ ರೀಡಿಂಗ್ ಮೇಲಿನ ಅಂಚಿಗೆ ನೋಡಬೇಕು. ಪರ್ಮಾಂಗನೇಟ್ ಬಣ್ಣ ಗಾಢ ಇರೋದರಿಂದ ಕೆಳಗಿನ ಬಾಗು ಕಾಣಲ್ಲ.

ವಿರಾಜಪೇಟೆ_ಮೇಷ್ಟ್ರು

ಮೇಲಿನ ಅಂಚಿನ ಮಾತು ಸರಿ. ಆದರೆ ಬಿಸಿ ಮಾಡುವುದು ಆಕ್ಸಾಲಿಕ್ ಆಸಿಡ್ ಪ್ರಯೋಗದಲ್ಲಿ, ಇದರಲ್ಲಿ ಅಲ್ಲ. ಫೆರಸ್ ಕಬ್ಬಿಣ ಪರ್ಮಾಂಗನೇಟಿನ ಜೊತೆ ತಣ್ಣಗಿದ್ದರೂ ತಕ್ಷಣ ವರ್ತಿಸುತ್ತದೆ. ಬಿಸಿ ಮಾಡಿದರೆ ತೊಂದರೆಯೇ ಜಾಸ್ತಿ, ಗಾಳಿಯ ಆಮ್ಲಜನಕ ಕಬ್ಬಿಣವನ್ನು ಮೊದಲೇ ಫೆರಿಕ್ ಮಾಡಿಬಿಡುತ್ತದೆ. ಮಗಳೇ, ನೀನು ಬಿಸಿ ಮಾಡದೇ ಇದ್ದದ್ದು ಸರಿ.

ಮೂರು ರೀಡಿಂಗ್ ಹೊಂದಿದರೆ ತಪ್ಪೇ ಇಲ್ಲ ಅನ್ನುವುದನ್ನೂ ಒಪ್ಪಲಾರೆ. ಕೈ ಸ್ಥಿರವಾಗಿದೆ ಅಂತಷ್ಟೇ ಅದು ಹೇಳುತ್ತದೆ. ಫ್ಲಾಸ್ಕಿನಲ್ಲಿರುವ ದ್ರಾವಣವೇ 0.1 ಇಲ್ಲದಿದ್ದರೆ ಹತ್ತು ಸಲ ಮಾಡಿದರೂ ಹತ್ತು ಸಲವೂ 9.3 ಬರುತ್ತದೆ.

ಈಗ ನಿಮ್ಮ ಮೇಡಂ ಕೇಳಿದ ಪ್ರಶ್ನೆಗೆ ಬರೋಣ. ತುಂಬಾ ಒಳ್ಳೆಯ ಪ್ರಶ್ನೆ ಅದು. ಪ್ರತಿ ಕಾರಣಕ್ಕೂ ಎರಡು ವಿಷಯ ಕೇಳಬೇಕು. ಅದು ರೀಡಿಂಗನ್ನು ಯಾವ ಕಡೆಗೆ ತಳ್ಳುತ್ತದೆ? ಎಷ್ಟು ತಳ್ಳುತ್ತದೆ? ನಿನ್ನ ಪರ್ಮಾಂಗನೇಟ್ ನಿಜಕ್ಕೂ 0.02 ಆಗಿದ್ದರೆ 10.0 ಮಿ.ಲೀ. ಬೀಳಬೇಕಿತ್ತು. ಬಿದ್ದದ್ದು 9.3. ಅಂದರೆ 0.7 ಮಿ.ಲೀ. ಕಡಿಮೆ.

ಎಂಡ್ ಪಾಯಿಂಟ್ ದಾಟಿದರೆ ರೀಡಿಂಗ್ ಜಾಸ್ತಿಯಾಗುತ್ತದೆ. ನಿನ್ನದು ಕಡಿಮೆ. ಆ ಕಾರಣ ಉಲ್ಟಾ ದಿಕ್ಕಿನದು. ಬ್ಯೂರೆಟ್ಟನ್ನು ನೀರಿನಲ್ಲಿ ಮಾತ್ರ ತೊಳೆದು ಪರ್ಮಾಂಗನೇಟಿನಿಂದ ಜಾಲಾಡಿಸದಿದ್ದರೆ ಒಳಗಿನ ದ್ರಾವಣ ತೆಳುವಾಗುತ್ತದೆ, ಆಗಲೂ ರೀಡಿಂಗ್ ಜಾಸ್ತಿಯೇ. ಕಣ್ಣಿನ ಮಟ್ಟದ ತಪ್ಪು ಮೊದಲಿನ ರೀಡಿಂಗಿಗೂ ಕೊನೆಯದಕ್ಕೂ ಒಂದೇ ರೀತಿ ಇದ್ದರೆ ಕಳೆದಾಗ ಬಹುಪಾಲು ಹೊರಟುಹೋಗುತ್ತದೆ. ಉಳಿದರೂ 0.1 ದಾಟುವುದು ಕಷ್ಟ. ‘ಮಾನವ ದೋಷ’ ಅನ್ನುವುದಕ್ಕೆ ದಿಕ್ಕೂ ಇಲ್ಲ, ಅಳತೆಯೂ ಇಲ್ಲ. ಅದನ್ನು ಹೊಡೆದುಹಾಕು.

ನೀನು ಬರೆದ ನಾಲ್ಕರಲ್ಲಿ ಒಂದೂ 9.3ಕ್ಕೆ ಕಾರಣವಲ್ಲ.

ಮಡಿಕೇರಿ_ಸೆಕೆಂಡ್_ಪಿಯು

ಸರ್, ಹಾಗಾದರೆ ಕಡಿಮೆ ಕಡೆಗೆ ತಳ್ಳುವ ಕಾರಣ ಯಾವುದು? ನಮ್ಮ ಗ್ರೂಪಿನಲ್ಲಿ ಒಬ್ಬಳು ಫ್ಲಾಸ್ಕಿನಲ್ಲಿ ನೀರು ಮಾರ್ಕ್ ದಾಟಿತ್ತು ಅಂತಾಳೆ. ಸ್ವಲ್ಪವೇ ದಾಟಿದ್ದು. ಅದು ಕಾರಣ ಆಗಬಹುದಾ?

ವಿರಾಜಪೇಟೆ_ಮೇಷ್ಟ್ರು

ದಿಕ್ಕು ಸರಿ ಇದೆ. ನೀರು ಜಾಸ್ತಿಯಾದರೆ ಮೋರ್ಸ್ ಸಾಲ್ಟ್ ತೆಳುವಾಗುತ್ತದೆ, ಪರ್ಮಾಂಗನೇಟ್ ಕಡಿಮೆ ಸಾಕಾಗುತ್ತದೆ. ಆದರೆ ಅಳತೆ ನೋಡು. ಆ ಫ್ಲಾಸ್ಕಿನ ಕುತ್ತಿಗೆ ಸಣ್ಣದು. ಮಾರ್ಕಿನಿಂದ ಒಂದು ಸೆಂಟಿಮೀಟರ್ ಮೇಲೆ ಹೋದರೂ ಹೆಚ್ಚಾದ ನೀರು 2 ಮಿ.ಲೀ. ಆಸುಪಾಸು. 250ಕ್ಕೆ ಅದು 1 ಪರ್ಸೆಂಟೂ ಆಗಲಿಲ್ಲ. ನಿನಗೆ ಬೇಕಾದದ್ದು 7. ಅಷ್ಟು ತೆಳುವಾಗಲು ಹೆಚ್ಚುಕಡಿಮೆ 19 ಮಿ.ಲೀ. ಜಾಸ್ತಿ ಬೀಳಬೇಕು, ಯಾರ ಕಣ್ಣಿಗೂ ಕಾಣದೆ ಇರುತ್ತಾ?

ಪಿಪೆಟ್ಟನ್ನು ನೀರಿನಲ್ಲಿ ತೊಳೆದು ಹಾಗೇ ಬಳಸಿದರೂ ಇದೇ ದಿಕ್ಕು. ಒಳಗೆ ಎರಡು ಹನಿ ನೀರು ಉಳಿದಿತ್ತು ಅನ್ನೋಣ, ಅದು 0.1 ಮಿ.ಲೀ., 1 ಪರ್ಸೆಂಟ್. ಅದೂ ಮೊದಲ ಸಲಕ್ಕೆ ಮಾತ್ರ.

ಹೀಗೆ ಒಂದೊಂದೇ ತೆಗೆದುಹಾಕಿದರೆ ಉಳಿಯುವುದು ಮೂರು. ತೂಕ ತಪ್ಪಿದೆ. ಅಥವಾ ಪರ್ಮಾಂಗನೇಟ್ ನಿಜವಾಗಿಯೂ 0.02ಕ್ಕಿಂತ ಗಟ್ಟಿ ಇದೆ. ಅಥವಾ 9.8 ಗ್ರಾಂ ಮೋರ್ಸ್ ಸಾಲ್ಟಿನಲ್ಲಿ ಇರಬೇಕಾದಷ್ಟು ಫೆರಸ್ ಇರಲಿಲ್ಲ.

ಸುಂಟಿಕೊಪ್ಪ_ತೋಟ

ನನಗೆ ಕೆಮಿಸ್ಟ್ರಿ ಅಷ್ಟು ಗೊತ್ತಿಲ್ಲ, ಆದರೆ ಇದು ನಮ್ಮ ಬೋರ್ಡೋ ಕಥೆ ಇದ್ದ ಹಾಗಿದೆ. ಮಳೆಗೆ ಮೊದಲು ಸ್ಪ್ರೇ ಮಾಡುತ್ತೇವೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹಳೇ ಮೂಟೆಯ ಸುಣ್ಣ ಹಾಕಿದರೆ ಅದೇ ತೂಕ ಹಾಕಿದರೂ ಸಾಲುವುದಿಲ್ಲ. ಕತ್ತಿ ಅದ್ದಿ ತೆಗೆದರೆ ಕೆಂಪಗೆ ತಾಮ್ರ ಕೂರುತ್ತದೆ. ಆಮೇಲೆ ಇನ್ನಷ್ಟು ಸುಣ್ಣ ಹಾಕಬೇಕು.

ನಮ್ಮ ಮೈಲುತುತ್ತ ಎಷ್ಟು ಸಾಚಾ ಅಂತ ಈ ಪರ್ಮಾಂಗನೇಟ್ ಟೈಟ್ರೇಷನ್ನಿನಿಂದ ಗೊತ್ತಾಗುತ್ತದಾ? ಈ ಸಲದ್ದು ಬಣ್ಣ ಯಾಕೋ ತೆಳು.

ಕುಶಾಲನಗರ_ಲ್ಯಾಬ್

ತೋಟದಣ್ಣ, ಪರ್ಮಾಂಗನೇಟಿನಿಂದ ಆಗಲ್ಲ. ಮೈಲುತುತ್ತದ ತಾಮ್ರಕ್ಕೆ ಪರ್ಮಾಂಗನೇಟ್ ಏನೂ ಮಾಡೋದಿಲ್ಲ, ಮೊದಲ ಹನಿಗೇ ಬಣ್ಣ ನಿಲ್ಲುತ್ತೆ. ಅದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಹಾಕಿ, ಬಿಡುಗಡೆಯಾದ ಅಯೋಡಿನ್ನನ್ನು ಥಯೋಸಲ್ಫೇಟಿನಿಂದ ಅಳೆಯಬೇಕು. ಆದರೆ ಸುಣ್ಣದ ಉದಾಹರಣೆ ಈ ಮಗುವಿನ ಪ್ರಶ್ನೆಗೆ ಸರಿಯಾಗಿ ಹೊಂದುತ್ತೆ. ತೂಕ ಅದೇ, ಒಳಗಿನ ಸರಕು ಅದೇ ಅಲ್ಲ.

ನಾನು ಕಾಲೇಜು ಲ್ಯಾಬಿನಲ್ಲಿ ಸಹಾಯಕನಾಗಿದ್ದವನು. ಕೊಡಗಿನ ಮಳೆಗಾಲದಲ್ಲಿ ಮೋರ್ಸ್ ಸಾಲ್ಟ್ ಬಾಟಲಿ ಒಂದು ಸಲ ಸರಿಯಾಗಿ ಮುಚ್ಚದೆ ಬಿಟ್ಟರೆ ಸಾಕು. ಕಪಾಟಿನಲ್ಲಿ ಬಲ್ಬ್ ಉರಿಸಿಟ್ಟರೂ ತೇವ ಬಿಡೋದಿಲ್ಲ. ಮೇಲಿನ ಹರಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತೆ. ಒಳ್ಳೆಯ ಮೋರ್ಸ್ ಸಾಲ್ಟ್ ತಿಳಿ ಹಸಿರು, ನೀಲಿ ಛಾಯೆ ಇರುತ್ತೆ. ಕೆಟ್ಟದ್ದಕ್ಕೆ ಅಂಚಿನಲ್ಲಿ ಹಳದಿ, ಕಂದು ಬರುತ್ತೆ. ಆ ಹಳದಿ ಅಂದರೆ ಫೆರಸ್ ಆಗಲೇ ಫೆರಿಕ್ ಆಗಿದೆ ಅಂತ. ಪರ್ಮಾಂಗನೇಟ್ ಅದನ್ನು ಲೆಕ್ಕಕ್ಕೇ ಹಿಡಿಯಲ್ಲ.

ಮೂರು ಪ್ರಶ್ನೆ ಕೇಳ್ತೀನಮ್ಮಾ. ಹರಳು ಯಾವ ಬಣ್ಣ ಇತ್ತು? ಕರಗಿಸುವಾಗ ಸ್ಟ್ಯಾಂಡರ್ಡ್ ಫ್ಲಾಸ್ಕಿಗೇ ಆಸಿಡ್ ಹಾಕಿದ್ರಾ? ಯಾವಾಗ ಕರಗಿಸಿದ್ದು?

ಮಡಿಕೇರಿ_ಸೆಕೆಂಡ್_ಪಿಯು

ಅಣ್ಣಾ, ಇವತ್ತು ಹೋಗಿ ಬಾಟಲಿ ನೋಡಿದೆ. ಮೇಲೆ ಗಂಟು ಗಂಟಾಗಿದೆ. ಗಂಟಿನ ಹೊರಗೆ ಚಹಾ ಕಲೆ ಥರ ಹಳದಿ ಕಂದು. ಒಡೆದರೆ ಒಳಗೆ ಹಸಿರು. ನಾವು ತೂಗಿದ್ದು ಮೇಲಿನಿಂದಲೇ.

ಕರಗಿಸಿದ್ದು ಹಿಂದಿನ ದಿನ ಮಧ್ಯಾಹ್ನ, ಸುಮ್ನೆ ನೀರಿನಲ್ಲಿ. ಆಸಿಡ್ ಹೇಗೂ ಟೈಟ್ರೇಷನ್ ಮಾಡುವಾಗ ಹಾಕ್ತೇವಲ್ಲ ಅಂತ ಅಂದುಕೊಂಡೆವು. ಮರುದಿನ ದ್ರಾವಣ ಸ್ವಲ್ಪ ಮಂಕಾಗಿತ್ತು, ಹಳದಿ ಅಂತ ಅನ್ನಿಸಿತ್ತು. ತೂಕ ಡಿಜಿಟಲ್ ಬ್ಯಾಲೆನ್ಸಿನಲ್ಲಿ 9.80 ಅಂತಲೇ ಇತ್ತು, ರೆಕಾರ್ಡಿನಲ್ಲಿ ಬರೆದಿದ್ದೇನೆ.

ಕುಶಾಲನಗರ_ಲ್ಯಾಬ್

ಅಲ್ಲಿಗೆ ಬಂತು ನೋಡಿ. ಆ ಎರಡು ಆಸಿಡ್‌ಗಳ ಕೆಲಸ ಬೇರೆ ಬೇರೆ. ಟೈಟ್ರೇಷನ್ ಮಾಡುವಾಗ ಹಾಕುವ ಆಸಿಡ್ ಪರ್ಮಾಂಗನೇಟ್ ಪೂರ್ತಿ ಕೆಲಸ ಮಾಡಲು ಬೇಕು. ಅದು ಕಮ್ಮಿಯಾದರೆ ಕಂದು ಮಡ್ಡಿ ಬರುತ್ತೆ. ಕರಗಿಸುವಾಗ ಹಾಕುವ ಆಸಿಡ್ ಫೆರಸ್ ಕೆಡದ ಹಾಗೆ ಕಾಯಲು. ಸುಮ್ನೆ ನೀರಿನಲ್ಲಿ ಇಟ್ಟರೆ ಗಾಳಿಗೆ ಫೆರಸ್ ಫೆರಿಕ್ ಆಗಿ, ದ್ರಾವಣ ಮಂಕಾಗುತ್ತೆ. ನೀವು ನೋಡಿದ್ದು ಅದೇ. ರಾತ್ರಿ ಇಟ್ಟದ್ದೇ ಕಾರಣ, ಇನ್ನೇನೂ ಬೇಕಿಲ್ಲ.

ವಿರಾಜಪೇಟೆ_ಮೇಷ್ಟ್ರು

ದಿಕ್ಕು ಒಪ್ಪುತ್ತೇನೆ. ಅಳತೆ ಒಪ್ಪಲಾರೆ. ರಾತ್ರಿ ಇಟ್ಟದ್ದೊಂದೇ 7 ಪರ್ಸೆಂಟ್ ತಿನ್ನಲು ಆಮ್ಲಜನಕ ಎಲ್ಲಿಂದ ಬರಬೇಕು?

ಲೆಕ್ಕ ಹಾಕೋಣ. 250 ಮಿ.ಲೀ. 0.1 M ದ್ರಾವಣದಲ್ಲಿ 25 ಮಿಲಿಮೋಲ್ ಫೆರಸ್ ಇರುತ್ತದೆ. ಮಡಿಕೇರಿಯ ಎತ್ತರದಲ್ಲಿ ತಣ್ಣೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 250 ಮಿ.ಲೀ.ಗೆ 2 ಮಿಲಿಗ್ರಾಂ. ಒಂದು ಆಮ್ಲಜನಕ ಅಣು ನಾಲ್ಕು ಫೆರಸ್ ಕೆಡಿಸುತ್ತದೆ. ಆ 2 ಮಿಲಿಗ್ರಾಂ ಪೂರ್ತಿ ಖರ್ಚಾದರೂ ಹೋಗುವುದು 0.25 ಮಿಲಿಮೋಲ್, ಅಂದರೆ ಬರೀ 1 ಪರ್ಸೆಂಟ್. ಬಿರಡೆ ಕೆಳಗಿನ ಸ್ವಲ್ಪ ಗಾಳಿಯನ್ನು ಸೇರಿಸಿದರೂ 2 ಅಥವಾ 3 ಪರ್ಸೆಂಟ್ ದಾಟುವುದಿಲ್ಲ. ಫ್ಲಾಸ್ಕಿಗೆ ಬಿರಡೆ ಹಾಕಿತ್ತು ಅಂದರೆ ದೊಡ್ಡ ಪಾಲು ಬಾಟಲಿಯಲ್ಲೇ ಕೆಟ್ಟಿದ್ದು.

ಇನ್ನೂ ಒಂದು ಬಾಕಿ ಇದೆ. ಪರ್ಮಾಂಗನೇಟೇ ಗಟ್ಟಿ ಇದೆಯಾ ಅನ್ನುವುದನ್ನು ನೋಡಿಲ್ಲ. ಹಳತಾದ ಪರ್ಮಾಂಗನೇಟ್ ತೆಳುವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಆದರೂ ತಯಾರಿಸುವಾಗಲೇ ಲೀಟರಿಗೆ 3.16 ಗ್ರಾಂ ಬದಲು 3.4 ಗ್ರಾಂ ಹಾಕಿದ್ದರೆ ನಿನ್ನ ಉತ್ತರವೇ ಸರಿ! ಮೋರ್ಸ್ ಸಾಲ್ಟನ್ನು ನಂಬದೆ ಇದನ್ನು ತಿಳಿಯಲು ಆಕ್ಸಾಲಿಕ್ ಆಸಿಡ್ ಬಳಸಬೇಕು. ಮೇಡಂ ಒಪ್ಪಿದರೆ ಅದೇ ಪರ್ಮಾಂಗನೇಟಿನಿಂದ ಮಾಡಿ ನೋಡು. ಈ ಸಲ ಬಿಸಿ ಮಾಡಬೇಕು, ಗೋಣಿಕೊಪ್ಪದವರು ಹೇಳಿದ 60 ಡಿಗ್ರಿ ಇಲ್ಲಿಗೆ ಸರಿ. ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಹೆದರಿ ಕುದಿಸಬೇಡ. ಸ್ವಲ್ಪ ಮ್ಯಾಂಗನೀಸ್ ಲವಣ ಹುಟ್ಟಿಕೊಂಡ ಮೇಲೆ ತಾನಾಗಿಯೇ ವೇಗ ಬರುತ್ತದೆ.

ಗೋಣಿಕೊಪ್ಪ_ಬಿಎಸ್ಸಿ

ಓ, ನಾನು ಆಕ್ಸಾಲಿಕ್ ಪ್ರಯೋಗದ ವಿಷಯ ಇಲ್ಲಿಗೆ ಹೇಳಿಬಿಟ್ಟೆ. ಸರಿ ಸರ್. ಆದರೆ ಫೆರಿಕ್ ಇದೆಯಾ ಅಂತ ನೋಡೋಕೆ ಇಷ್ಟೆಲ್ಲ ಯಾಕೆ? ಪೊಟ್ಯಾಸಿಯಂ ಥಯೋಸಯನೇಟ್ ಎರಡು ಹನಿ ಹಾಕಿದರೆ ರಕ್ತದ ಬಣ್ಣ ಬರುತ್ತೆ. ಬಂದರೆ ಸಾಲ್ಟ್ ಕೆಟ್ಟಿದೆ.

ವಿರಾಜಪೇಟೆ_ಮೇಷ್ಟ್ರು

ಒಳ್ಳೆಯ ಸಲಹೆ. ಒಂದು ಎಚ್ಚರಿಕೆ ಇದೆ. ಥಯೋಸಯನೇಟ್ ಬಹಳ ಸೂಕ್ಷ್ಮ. ಹೊಸ ಬಾಟಲಿಯ ಹರಳೂ ತಿಳಿಯಾಗಿ ಕೆಂಪು ತೋರಿಸಬಹುದು. ಕೆಂಪು ಬಂತು ಅಂದಾಕ್ಷಣ ತೀರ್ಮಾನಿಸಬೇಡಿ, ಹೋಲಿಸಿ ನೋಡಿ. ಗಂಟಿನ ಹೊರಗಿನದು ಒಂದು ಚಿಟಿಕೆ, ಒಳಗಿನ ಹಸಿರು ಒಂದು ಚಿಟಿಕೆ, ಎರಡನ್ನೂ ಅಷ್ಟೇ ನೀರು ಮತ್ತು ಆಸಿಡ್ಡಿನಲ್ಲಿ ಕರಗಿಸಿ ಅಕ್ಕಪಕ್ಕ ಇಟ್ಟು ನೋಡಬೇಕು.

ಮಡಿಕೇರಿ_ಸೆಕೆಂಡ್_ಪಿಯು

ಮೇಡಂ ಒಪ್ಪಿದರು. ಎರಡನ್ನೂ ಮಾಡಿದೆವು.

ಆಕ್ಸಾಲಿಕ್ ಆಸಿಡ್ 1.575 ಗ್ರಾಂ ತೂಗಿ 250 ಮಿ.ಲೀ. ಮಾಡಿದೆವು, 0.05 M. ಅದರಲ್ಲಿ 10 ಮಿ.ಲೀ.ಗೆ ಮೊದಲ ಸಲ 10.0, ಆಮೇಲೆ ಎರಡು ಸಲ 9.9 ಬಿತ್ತು. ಇಲ್ಲಿ ಎರಡು ಪರ್ಮಾಂಗನೇಟಿಗೆ ಐದು ಆಕ್ಸಾಲಿಕ್.

```
M(KMnO4) = (2 × 10.0 × 0.05) / (5 × 9.9) = 0.0202
```

ಹಾಗಾದರೆ ಚೀಟಿ ಹೆಚ್ಚುಕಡಿಮೆ ಸರಿ. ಈ 0.0202 ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದೆ.

```
M(Fe) = (5 × 9.3 × 0.0202) / 10.0 = 0.0939
```

ನಾವು 0.1 ಅಂದುಕೊಂಡ ದ್ರಾವಣ 0.094 ಇತ್ತು. ನೂರರಲ್ಲಿ ಆರು ಪಾಲು ಫೆರಸ್ ಇರಲೇ ಇಲ್ಲ.

ಥಯೋಸಯನೇಟಿಗೆ ಎರಡೂ ಕೆಂಪಾದವು. ಗಂಟಿನ ಹೊರಗಿನದು ಕಡು ಕೆಂಪು, ಆಚೆ ಬದಿಯ ಬೆರಳು ಕಾಣಲಿಲ್ಲ. ಒಳಗಿನ ಹಸಿರಿನದು ತಿಳಿ ಕಿತ್ತಳೆ ಥರ.

ಸರ್, ಒಂದು ವಿಷಯ ಹೇಳಬೇಕು. ಫ್ಲಾಸ್ಕಿಗೆ ಬಿರಡೆ ಹಾಕಿತ್ತು. ಆದರೆ ಅದರಲ್ಲಿ ಅರ್ಧದಷ್ಟನ್ನು ಹಿಂದಿನ ದಿನವೇ ಬೀಕರಿಗೆ ಸುರಿದು ಪೇಪರ್ ಮುಚ್ಚಿಟ್ಟಿದ್ದರಂತೆ. ಪಿಪೆಟ್ ಮಾಡಿದ್ದು ಆ ಬೀಕರಿನಿಂದ.

ಕುಶಾಲನಗರ_ಲ್ಯಾಬ್

ಮೇಷ್ಟ್ರೇ, ಪೇಪರ್ ಮುಚ್ಚಿದ ಬೀಕರ್ ಅಂದರೆ ತೆರೆದ ಬೀಕರೇ. ಗಾಳಿ ಬೇಕಾದಷ್ಟು. ನಿಮ್ಮ ಬಿರಡೆ ಲೆಕ್ಕ ಅಲ್ಲಿಗೆ ಹೊಂದಲ್ಲ.

ವಿರಾಜಪೇಟೆ_ಮೇಷ್ಟ್ರು

ಹೌದು, ತೆರೆದ ಬೀಕರಿಗೆ ಆ ಮಿತಿ ಅನ್ವಯಿಸುವುದಿಲ್ಲ. ಮೇಲಿನಿಂದ ಆಮ್ಲಜನಕ ಕರಗುತ್ತಲೇ ಇರುತ್ತದೆ. ಆದರೂ ಅಲ್ಲಾಡಿಸದೆ ಇಟ್ಟ ಬೀಕರಿಗೆ ಅದು ನಿಧಾನವಾಗಿಯೇ ಇಳಿಯುತ್ತದೆ. ಥಯೋಸಯನೇಟಿನಲ್ಲಿ ಹೊರಗಿನ ಹರಳು ಅಷ್ಟು ಕಡು ಬಣ್ಣ ಕೊಟ್ಟದ್ದನ್ನೂ ಮರೆಯಬಾರದು. ಬಾಟಲಿಯ ಪಾಲು ದೊಡ್ಡದು ಅಂತಲೇ ನನ್ನ ಅಭಿಪ್ರಾಯ.

ಇದರ ಜೊತೆ ಬರೀ ತೇವದ ಪಾಲೂ ಇರಬಹುದು. ಹರಳಿಗೆ ಅಂಟಿಕೊಂಡ ನೀರು ತೂಕಕ್ಕೆ ಸೇರುತ್ತದೆ, ಫೆರಸ್ ಆಗುವುದಿಲ್ಲ. ಅದಕ್ಕೆ ಬಣ್ಣವೂ ಇಲ್ಲ, ಥಯೋಸಯನೇಟಿಗೂ ಸಿಗುವುದಿಲ್ಲ.

ಬಾಟಲಿಯದ್ದೆಷ್ಟು, ರಾತ್ರಿಯದ್ದೆಷ್ಟು ಅಂತ ಬೇರೆ ಮಾಡಲು ಒಂದೇ ದಾರಿ. ಅದೇ ಗಂಟಿನಿಂದ ಹೊಸದಾಗಿ 9.8 ಗ್ರಾಂ ತೂಗಿ, ಕುದಿಸಿ ಆರಿಸಿದ ನೀರಿಗೆ ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ, ಅದರಲ್ಲಿ ಕರಗಿಸಿ, ಕೂಡಲೇ ಟೈಟ್ರೇಷನ್ ಮಾಡುವುದು. 9.3 ಬಂದರೆ ಬಾಟಲಿ. 9.9 ಬಂದರೆ ನನ್ನ ಅಭಿಪ್ರಾಯ ತಪ್ಪು, ಕುಶಾಲನಗರದವರು ಸರಿ.

ಮಡಿಕೇರಿ_ಸೆಕೆಂಡ್_ಪಿಯು

ಇನ್ನು ಲ್ಯಾಬ್ ನಮ್ಮ ಬ್ಯಾಚಿಗೆ ಸಿಗುವುದು ಮುಂದಿನ ವಾರ, ಆದರೆ ರಿಪೋರ್ಟ್ ಅದಕ್ಕೆ ಮೊದಲೇ ಕೊಡಬೇಕು. ಈಗ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

“ಮೋರ್ಸ್ ಸಾಲ್ಟ್ ದ್ರಾವಣವನ್ನು 0.1 M ಎಂದು ಹಿಡಿದರೆ ಪರ್ಮಾಂಗನೇಟ್ 0.0215 M. ಅದೇ ಪರ್ಮಾಂಗನೇಟ್ ಆಕ್ಸಾಲಿಕ್ ಆಸಿಡ್ಡಿನ ಎದುರು 0.0202 M. ವ್ಯತ್ಯಾಸ ಮೋರ್ಸ್ ಸಾಲ್ಟ್ ದ್ರಾವಣದಲ್ಲಿದೆ, ಅದರಲ್ಲಿ ಫೆರಸ್ 0.094 M ಮಾತ್ರ ಇತ್ತು. ಹರಳಿನ ಹೊರಭಾಗ ಕಂದಾಗಿತ್ತು, ಥಯೋಸಯನೇಟಿಗೆ ಕಡು ಕೆಂಪು ಕೊಟ್ಟಿತು. ದ್ರಾವಣವನ್ನು ಆಸಿಡ್ ಇಲ್ಲದೆ ರಾತ್ರಿಯಿಡೀ ಬೀಕರಿನಲ್ಲಿ ಇಡಲಾಗಿತ್ತು. ಈ ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಈ ರೀಡಿಂಗುಗಳಿಂದ ಹೇಳಲಾಗದು. ಎಂಡ್ ಪಾಯಿಂಟ್ ದಾಟುವುದು ಮತ್ತು ಬ್ಯೂರೆಟ್ಟಿನಲ್ಲಿ ನೀರು ಉಳಿಯುವುದು ರೀಡಿಂಗನ್ನು ಹೆಚ್ಚಿಸುತ್ತವೆ, ಆದ್ದರಿಂದ ಇಲ್ಲಿನ ಕಾರಣಗಳಲ್ಲ.”

ಗೋಣಿಕೊಪ್ಪ_ಬಿಎಸ್ಸಿ

ಚೆನ್ನಾಗಿದೆ. ಆದರೆ ಉತ್ತರ ಅಂತ ಕೊನೆಯಲ್ಲಿ 0.0202 ಮಾತ್ರ ಬರಿ. ಪರೀಕ್ಷೆಯಲ್ಲಿ ಸರಿಯಾದ ಬೆಲೆಗೆ ಎಷ್ಟು ಹತ್ತಿರ ಇದೆ ಅಂತ ನೋಡಿಯೇ ಮಾರ್ಕ್ಸ್ ಕೊಡ್ತಾರೆ. 0.0215 ನೋಡಿದ ಕೂಡಲೇ ಕಳೀತಾರೆ.

ವಿರಾಜಪೇಟೆ_ಮೇಷ್ಟ್ರು

ಪರೀಕ್ಷೆ ಬೇರೆ, ಈ ರಿಪೋರ್ಟ್ ಬೇರೆ. ಟೇಬಲ್ಲಿನಲ್ಲಿ 9.3 ಇದ್ದು ಕೆಳಗೆ 0.0202 ಬರೆದರೆ ಓದಿದವರಿಗೆ ಲೆಕ್ಕ ಹೊಂದುವುದಿಲ್ಲ. ಎರಡೂ ಇರಲಿ, ಯಾವುದು ಯಾವುದರಿಂದ ಬಂತು ಅಂತ ಅವಳು ಬರೆದ ಹಾಗೆಯೇ ಇರಲಿ. ಆಕ್ಸಾಲಿಕ್ ಆಸಿಡ್ಡಿನ ಮೂರು ರೀಡಿಂಗಿಗೂ ಒಂದು ಟೇಬಲ್ ಹಾಕಮ್ಮ, 10.0 ಬಂದದ್ದನ್ನೂ ಬಿಡಬೇಡ.

ಗೋಣಿಕೊಪ್ಪ_ಬಿಎಸ್ಸಿ

ನೀವು ಹೇಳೋದು ನ್ಯಾಯ ಸರ್. ಆದರೆ ಎಲ್ಲ ಎಗ್ಸಾಮಿನರೂ ಕೆಳಗಿನ ಪ್ಯಾರಾ ತನಕ ಓದ್ತಾರೆ ಅಂತ ನನಗೆ ಅನ್ನಿಸಲ್ಲ.

ಸುಂಟಿಕೊಪ್ಪ_ತೋಟ

ಥಯೋಸಲ್ಫೇಟ್ ಅಂದರಲ್ಲ, ಅದಕ್ಕೆ ಎಷ್ಟು ಮೈಲುತುತ್ತ ತರಬೇಕು? ಮೂಟೆಯ ಮೇಲಿನದ್ದಾ, ಒಳಗಿನದ್ದಾ?

ಕುಶಾಲನಗರ_ಲ್ಯಾಬ್

ಎರಡೂ ಕಡೆಯಿಂದ ಒಂದೊಂದು ಚಮಚ, ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ತನ್ನಿ ಅಣ್ಣಾ. ಯಾವುದು ಮೇಲಿನದ್ದು ಅಂತ ಚೀಟಿ ಅಂಟಿಸಿ.

ಮಡಿಕೇರಿ_ಸೆಕೆಂಡ್_ಪಿಯು

ರಿಪೋರ್ಟಿನಲ್ಲಿ ಎರಡು ಟೇಬಲ್, ಎರಡೂ ಬೆಲೆ ಹಾಕಿದ್ದೇನೆ. ಹೊಸ ದ್ರಾವಣದ ರೀಡಿಂಗ್ ಮುಂದಿನ ವಾರ ಇಲ್ಲೇ ಹಾಕುತ್ತೇನೆ. ಮೇಡಂ ಆ ಗಂಟುಗಳನ್ನು ಎಸೆಯದೆ ಬೇರೆ ಬಾಟಲಿಯಲ್ಲಿ ತೆಗೆದಿಡಲು ಹೇಳಿದ್ದಾರೆ.